ಫೋಟೋ ಬಂತು, ಹೆಸರೆಲ್ಲಿ?

ರಾತ್ರಿ ಎಂಟೂವರೆ ದಾಟಿದ ಮೇಲೆ ಯಾವುದಾದರೂ ಜಿಲ್ಲಾ ಪತ್ರಿಕೆಯ ಡೆಸ್ಕ್‌ಗೆ ಹೋಗಿ ಕೂತರೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ‘ಈ ದೀಪ ಬೆಳಗೋದು ಯಾವ ಊರಿಂದು?’ ‘ಎಡದಿಂದ ಎರಡನೆಯವರು ಯಾರು ಮಾರಾಯ್ರೆ?’ ‘ಫೋಟೋ ತೆಗೆದವರ ಹೆಸರು ಹಾಕಬೇಕಾ?’ ತಾಲ್ಲೂಕಿನ ಬಿಡಿ ಸುದ್ದಿಗಾರರು ವಾಟ್ಸ್‌ಆ್ಯಪ್ ಗುಂಪಿಗೆ ಮೊದಲು ಫೋಟೋ ಹಾಕಿರುತ್ತಾರೆ, ಆಮೇಲೆ ಸುದ್ದಿ ಟೈಪ್ ಮಾಡಿ ಕಳಿಸಿರುತ್ತಾರೆ. ಆ ಎರಡರ ನಡುವೆ ಬೇರೆ ತಾಲ್ಲೂಕಿನವರ ಏಳೆಂಟು ಫೋಟೋಗಳು ಬಂದು ಸೇರಿಕೊಂಡಿರುತ್ತವೆ. ಯಾವ ಮಾತು ಯಾವ ಚಿತ್ರದ್ದು ಎಂದು ಜೋಡಿಸುವ ಕೆಲಸ ಉಪಸಂಪಾದಕರ ನೆನಪಿಗೆ ಬಿಟ್ಟದ್ದು.

ಇಂಥ ಕಚೇರಿಯೊಂದು ಸ್ವತಂತ್ರವಾಗಿ ಕೆಲಸ ಮಾಡುವ ಪ್ರೋಗ್ರಾಮರ್ ಒಬ್ಬರನ್ನು ಕರೆಸಿ, ‘ಫೋಟೋ ತಾನಾಗಿ ಸೈಜ್ ಆಗಬೇಕು, ಕ್ಯಾಪ್ಷನ್ ತಾನಾಗಿ ಬರಬೇಕು, ಎಷ್ಟಾಗುತ್ತೆ?’ ಎಂದು ಕೇಳಿತು ಎಂದಿಟ್ಟುಕೊಳ್ಳೋಣ. ಅವರು ಬರೆದುಕೊಡುವ ಪ್ರಸ್ತಾವದಲ್ಲಿ ಏನಿರಬೇಕು ಎನ್ನುವುದು ಈ ಲೇಖನದ ವಿಷಯ. ಮೊತ್ತ ಬರೆಯುವುದಕ್ಕೂ ಮೊದಲು ಕೆಲಸದ ಎಲ್ಲೆಯನ್ನು ಬರೆಯಬೇಕು: ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಮಾಡಿದ್ದು ಸರಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ. ನಮ್ಮ ಉದಾಹರಣೆಗೆ, ಉತ್ತರ ಕನ್ನಡದಂತೆ ಕರಾವಳಿ ಮತ್ತು ಘಟ್ಟ ಎರಡಕ್ಕೂ ಹರಡಿದ ಜಿಲ್ಲೆಯ ಒಂದು ಪತ್ರಿಕೆಯನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ ಸುಮಾರು 120 ಫೋಟೋ ಬರುತ್ತವೆ, ಅಚ್ಚಿಗೆ ಮೂವತ್ತು ನಲವತ್ತು ಹೋಗುತ್ತವೆ, ಉಳಿದವುಗಳಲ್ಲಿ ಹಲವು ವೆಬ್‌ಸೈಟಿಗೆ.

ಕಚೇರಿ ಕೇಳಿದ ಎರಡು ಕೆಲಸಗಳಲ್ಲಿ ಮೊದಲನೆಯದು ಸುಲಭ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದು ಒಂದೇ ಸಾಲು:

```
magick original.jpg -auto-orient -resize "1200x1200>" -quality 82 web.jpg
```

ಉದ್ದನೆಯ ಬದಿ 1200 ಪಿಕ್ಸೆಲ್‌ಗಿಂತ ಹೆಚ್ಚಿದ್ದರೆ ಮಾತ್ರ ಇಳಿಸು, ಚಿಕ್ಕದಿದ್ದರೆ ಹಿಗ್ಗಿಸಬೇಡ ಎಂದು `>` ಚಿಹ್ನೆ ಹೇಳುತ್ತದೆ. ನಡುವೆ ಇರುವ `-auto-orient` ಬಿಟ್ಟರೆ ಏನಾಗುತ್ತದೆ ಎಂಬುದನ್ನು ವೆಬ್‌ಸೈಟುಗಳಲ್ಲಿ ನೀವೂ ನೋಡಿರುತ್ತೀರಿ, ಮಂತ್ರಿಗಳು ಪಕ್ಕಕ್ಕೆ ಮಲಗಿದಂತೆ ಕಾಣುತ್ತಾರೆ. ಮೊಬೈಲನ್ನು ಉದ್ದುದ್ದ ಹಿಡಿದು ತೆಗೆದ ಫೋಟೋವನ್ನು ಎಷ್ಟೋ ಫೋನುಗಳು ಅಡ್ಡಡ್ಡಲಾಗಿಯೇ ಉಳಿಸಿ, ‘ತೋರಿಸುವಾಗ ತಿರುಗಿಸು’ ಎಂಬ ಟಿಪ್ಪಣಿಯೊಂದನ್ನು ಕಡತದೊಳಗೆ ಇಡುತ್ತವೆ. ಆ ಟಿಪ್ಪಣಿಯನ್ನು ಪಾಲಿಸದೆ ಅಳಿಸಿದರೆ ಚಿತ್ರ ಮಲಗಿಬಿಡುತ್ತದೆ.

ಇಷ್ಟಕ್ಕೇ ಒಬ್ಬ ಪ್ರೋಗ್ರಾಮರ್ ಬೇಕಿಲ್ಲ. ನಿಜವಾದ ಕೆಲಸ ಶುರುವಾಗುವುದು ಬಂದ ಫೋಟೋದಲ್ಲಿ ಎಷ್ಟು ಸತ್ವ ಉಳಿದಿದೆ ಎಂದು ಅಳೆಯುವಲ್ಲಿ. ಒಂದು ಚಿತ್ರವನ್ನು ಹಿಂಬಾಲಿಸಿ ನೋಡೋಣ. ಯಲ್ಲಾಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಹೊಸ ಕೊಠಡಿಯ ಉದ್ಘಾಟನೆ. ವೇದಿಕೆಯ ಮೇಲೆ ಹತ್ತು ಜನ. ಸುದ್ದಿಗಾರರ ಫೋನ್ ತೆಗೆದ ಚಿತ್ರ 4000×3000 ಪಿಕ್ಸೆಲ್, ನಾಲ್ಕು ಎಂಬಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಎಂದು ಕಳಿಸಿದಾಗ ಅದು ಸುಮಾರು 1600×1200ಕ್ಕೆ ಇಳಿಯುತ್ತದೆ. ಪತ್ರಿಕೆಯ ಕಾಗದಕ್ಕೆ ಇಂಚಿಗೆ 200 ಪಿಕ್ಸೆಲ್ ಇದ್ದರೆ ಸಾಕು, ಆ ಒರಟು ಕಾಗದ ಅದಕ್ಕಿಂತ ಸೂಕ್ಷ್ಮವಾದದ್ದನ್ನು ಹಿಡಿದಿಡುವುದೂ ಇಲ್ಲ. ಮೂರು ಕಾಲಂ ಅಗಲ ನಮ್ಮ ಪತ್ರಿಕೆಯಲ್ಲಿ 12.4 ಸೆಂ.ಮೀ. ಎಂದುಕೊಂಡರೆ ಬೇಕಾಗುವುದು 976 ಪಿಕ್ಸೆಲ್. ಇರುವುದು 1600, ಚಿಂತೆಯಿಲ್ಲ.

ಆದರೆ ರಾತ್ರಿ ಒಂಬತ್ತೂಮುಕ್ಕಾಲಿಗೆ ಜಾಹೀರಾತು ಬಂದು ಪುಟ ಬದಲಾಗುತ್ತದೆ. ಹತ್ತು ಜನ ಬೇಡ, ದೀಪ ಬೆಳಗುತ್ತಿರುವ ಇಬ್ಬರು ಸಾಕು ಎಂದು ಪುಟ ಕಟ್ಟುವವರು ಕತ್ತರಿಸುತ್ತಾರೆ. ಈಗ ಉಳಿದ ಅಗಲ 500 ಪಿಕ್ಸೆಲ್. ಅದನ್ನೇ ಮೂರು ಕಾಲಂಗೆ ಹಿಗ್ಗಿಸಿದರೆ ಇಂಚಿಗೆ 102 ಪಿಕ್ಸೆಲ್ ಮಾತ್ರ ಬರುತ್ತದೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುವ ಮುಖ ಬೆಳಿಗ್ಗೆ ಅಚ್ಚಿನಲ್ಲಿ ಮಸುಕಾಗಿ, ಕಣ್ಣು ಮೂಗು ಚೌಕ ಚೌಕವಾಗಿ ಹೊರಬರುತ್ತದೆ. ಅದೇ ತುಣುಕನ್ನು ನಾಲ್ಕು ಸೆಂ.ಮೀ. ಅಗಲದ ಒಂದು ಕಾಲಂಗೆ ಹಾಕಿದರೆ ಇಂಚಿಗೆ 300 ದಾಟುತ್ತದೆ, ಮುಖ ಸ್ಪಷ್ಟವಾಗಿ ಬರುತ್ತದೆ. ಹಾಗಾಗಿ ಪ್ರಸ್ತಾವದಲ್ಲಿ ‘ಸೈಜ್ ಮಾಡಿಕೊಡುತ್ತೇವೆ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ‘ಪ್ರತಿ ಫೋಟೋದ ಪಕ್ಕದಲ್ಲಿ ಅದನ್ನು ಗರಿಷ್ಠ ಎಷ್ಟು ಕಾಲಂಗೆ ಬಳಸಬಹುದು ಎಂದು ತೋರಿಸುತ್ತೇವೆ, ಕತ್ತರಿಸಿದಾಗ ಆ ಸಂಖ್ಯೆ ಬದಲಾಗುತ್ತದೆ’ ಎಂದು ಬರೆದರೆ ಅದು ಡೆಸ್ಕ್‌ನವರು ನಾಳೆಯೇ ಪರೀಕ್ಷಿಸಿ ನೋಡಬಹುದಾದ ಮಾತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಫೋಟೋ ಎಂದು ಕಳಿಸಿದ ಚಿತ್ರದೊಳಗಿನ ಮಾಹಿತಿಯನ್ನು, ಅಂದರೆ ತೆಗೆದ ದಿನ, ವೇಳೆ, ಕ್ಯಾಮೆರಾ ಮುಂತಾದವನ್ನು ವಾಟ್ಸ್‌ಆ್ಯಪ್ ಅಳಿಸುತ್ತದೆ. ಅದೇ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಎಲ್ಲವೂ ಮೂಲದಲ್ಲಿದ್ದಂತೆಯೇ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಸ್ತಾವದ ಅತಿ ಅಗ್ಗದ, ಅತಿ ಉಪಯುಕ್ತವಾದ ಸಾಲು ಇದೇ: ಬಿಡಿ ಸುದ್ದಿಗಾರರಿಗೆ ಒಂದು ಸಂಜೆ ಕೂರಿಸಿ ಡಾಕ್ಯುಮೆಂಟ್ ಆಗಿ ಕಳಿಸುವುದನ್ನು ಕಲಿಸುವುದು. ಇದಕ್ಕೆ ಒಂದು ಸಾಲು ಪ್ರೋಗ್ರಾಂ ಕೂಡ ಬರೆಯಬೇಕಾಗಿಲ್ಲ. ಪ್ರಾಮಾಣಿಕ ಪ್ರೋಗ್ರಾಮರ್ ಇದನ್ನು ಮೊದಲ ಪುಟದಲ್ಲೇ ಬರೆಯುತ್ತಾರೆ.

ಇನ್ನು ಕ್ಯಾಪ್ಷನ್. ‘ತಾನಾಗಿ ಬರಬೇಕು’ ಎಂದು ಸಂಪಾದಕರು ಹೇಳುವಾಗ ಅವರ ಮನಸ್ಸಿನಲ್ಲಿ ಚಿತ್ರವನ್ನು ನೋಡಿ ಯಂತ್ರವೇ ಬರೆದುಬಿಡುವ ಕಲ್ಪನೆ ಇರಬಹುದು. ಚಿತ್ರ ನೋಡಿ ವಿವರಿಸುವ ತಂತ್ರಾಂಶಗಳು ಇವೆ. ಅವು ಯಲ್ಲಾಪುರದ ಈ ಚಿತ್ರವನ್ನು ನೋಡಿ, ವೇದಿಕೆಯ ಮೇಲೆ ಕೆಲವರು ದೀಪ ಬೆಳಗುತ್ತಿದ್ದಾರೆ ಎಂದು ಹೇಳಬಲ್ಲವು. ಓದುಗರಿಗೆ ಅದು ಕಾಣುತ್ತಲೇ ಇದೆ. ಅವರಿಗೆ ಬೇಕಾದದ್ದು ಯಾವ ಊರು, ಯಾವ ಶಾಲೆ, ಯಾರು ಯಾರು ಎಂಬುದು. ಅದು ಚಿತ್ರದೊಳಗೆ ಇಲ್ಲವೇ ಇಲ್ಲ, ಅಲ್ಲಿ ನಿಂತಿದ್ದ ಸುದ್ದಿಗಾರರ ತಲೆಯಲ್ಲಿದೆ. ಚಿತ್ರದ ವಿವರಣೆಗೂ ಒಂದು ಜಾಗವಿದೆ ಎನ್ನಿ: ಕಣ್ಣು ಕಾಣದ ಓದುಗರಿಗೆ ವೆಬ್‌ಸೈಟಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಬದಲಿ ಪಠ್ಯಕ್ಕೆ ಅದು ಕರಡಾಗಿ ಬರಬಹುದು. ಕ್ಯಾಪ್ಷನ್ ಬೇರೆ. ಆದ್ದರಿಂದ ಪ್ರಸ್ತಾವ ಸ್ಪಷ್ಟವಾಗಿ ಹೇಳಬೇಕು, ಈ ವ್ಯವಸ್ಥೆ ಯಾರ ಮುಖವನ್ನೂ ಗುರುತಿಸುವುದಿಲ್ಲ, ಯಾರ ಹೆಸರನ್ನೂ ಊಹಿಸುವುದಿಲ್ಲ. ಸುದ್ದಿಗಾರರು ಕೊಟ್ಟ ವಿವರಗಳನ್ನು ಜೋಡಿಸಿ ಕರಡು ಮಾಡಿಕೊಡುತ್ತದೆ, ಅಷ್ಟೇ.

ಹಾಗಾದರೆ ವಿವರ ಕೊಡುವುದು ಹೇಗೆ? ಫೋಟೋ ಹಾಕುವ ಜಾಗದಲ್ಲೇ ಐದು ಖಾನೆ: ಸ್ಥಳ, ದಿನಾಂಕ, ಸಂದರ್ಭ, ಎಡದಿಂದ ಬಲಕ್ಕೆ ಹೆಸರುಗಳು, ಫೋಟೋ ತೆಗೆದವರು. ಐದಕ್ಕಿಂತ ಹೆಚ್ಚಿಟ್ಟರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಟೈಪ್ ಮಾಡುವವರು ಯಾರೂ ತುಂಬುವುದಿಲ್ಲ. ಖಾನೆ ತುಂಬದೆ ಫೋಟೋ ಮುಂದೆ ಹೋಗದಂತೆ ಮಾಡುವುದೋ ಬೇಡವೋ ಎಂಬುದನ್ನು ಪ್ರೋಗ್ರಾಮರ್ ತಾವಾಗಿ ತೀರ್ಮಾನಿಸಬಾರದು. ಬಸ್ ಅಪಘಾತದ ಫೋಟೋ ಬಂದಾಗ ಹೆಸರುಗಳು ಯಾರಿಗೂ ಗೊತ್ತಿರುವುದಿಲ್ಲ. ಸ್ಥಳ ಮತ್ತು ಫೋಟೋ ತೆಗೆದವರ ಹೆಸರು ಕಡ್ಡಾಯ, ಉಳಿದದ್ದು ಖಾಲಿ ಇದ್ದರೆ ಕೆಂಪು ಗುರುತಿನೊಂದಿಗೆ ಡೆಸ್ಕ್‌ಗೆ ಹೋಗಲಿ ಎಂಬ ಒಪ್ಪಂದ ವ್ಯವಹಾರಕ್ಕೆ ಸರಿಹೊಂದುತ್ತದೆ.

ಖಾನೆಗಳಿಂದ ವಾಕ್ಯ ಮಾಡುವಾಗ ಕನ್ನಡ ತನ್ನದೇ ಪಟ್ಟು ಹಾಕುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಮುಂದೆ ಒಂದು ಪದ ಇಟ್ಟರೆ ಮುಗಿಯಿತು. ನಮ್ಮಲ್ಲಿ ಹೆಸರಿನ ಕೊನೆಯೇ ಬದಲಾಗುತ್ತದೆ. ಶಿರಸಿ ಶಿರಸಿಯಲ್ಲಿ ಆಗುತ್ತದೆ, ಹೊನ್ನಾವರ ಹೊನ್ನಾವರದಲ್ಲಿ, ಬೆಂಗಳೂರು ಬೆಂಗಳೂರಿನಲ್ಲಿ. ಪ್ರೋಗ್ರಾಂ ಕಣ್ಣುಮುಚ್ಚಿ ಎಲ್ಲದಕ್ಕೂ ‘ದಲ್ಲಿ’ ಸೇರಿಸಿದರೆ ‘ಶಿರಸಿದಲ್ಲಿ’ ಎಂದು ಅಚ್ಚಾಗುತ್ತದೆ. ಕೊನೆಯ ಸ್ವರ ನೋಡಿ ನಿಯಮ ಬರೆಯಬಹುದು, ಬಹುಪಾಲು ಸರಿಯಾಗುತ್ತದೆ. ಆದರೆ ಪತ್ರಿಕೆಯ ವ್ಯಾಪ್ತಿ ಒಂದು ಜಿಲ್ಲೆ ಎಂದಾದ ಮೇಲೆ ಇನ್ನೂ ಗಟ್ಟಿಯಾದ ದಾರಿಯಿದೆ. ಜಿಲ್ಲೆಯ ಊರು, ಗ್ರಾಮ ಪಂಚಾಯಿತಿಗಳ ಪಟ್ಟಿ ಮಾಡಿ, ಪ್ರತಿ ಹೆಸರಿನ ಎದುರು ಅದರ ‘ಅಲ್ಲಿ’ ರೂಪವನ್ನು ಹಿರಿಯ ಉಪಸಂಪಾದಕರೊಬ್ಬರು ಒಮ್ಮೆ ಬರೆದುಬಿಡುವುದು. ಅದರ ಜೊತೆಗೇ ಊರಿನ ಹೆಸರಿನ ಕಾಗುಣಿತವೂ ಒಂದೇ ರೀತಿಗೆ ಬರುತ್ತದೆ. ಈ ಪಟ್ಟಿ ಮಾಡುವವರು ಯಾರು, ಯಾವಾಗ ಮುಗಿಸಿ ಕೊಡಬೇಕು ಎಂಬುದು ಪ್ರಸ್ತಾವದಲ್ಲಿರಬೇಕು, ಏಕೆಂದರೆ ಇದು ಪ್ರೋಗ್ರಾಮರ್ ಮಾಡಬಲ್ಲ ಕೆಲಸವಲ್ಲ. ಕಚೇರಿ ತನ್ನ ಪಾಲನ್ನು ಕೊಡದೆ ಕೆಲಸ ನಿಂತುಹೋಗುವುದು ಸಾಮಾನ್ಯವಾಗಿ ಇಂಥ ಕಡೆಯಲ್ಲೇ.

ಕ್ಯಾಪ್ಷನ್ ಒಂದು ಕೆಲಸ, ಸೈಜ್ ಮಾಡುವುದು ಇನ್ನೊಂದು ಎಂದು ಇಷ್ಟು ಹೊತ್ತು ಬೇರೆ ಬೇರೆಯಾಗಿ ಮಾತಾಡಿದೆವು. ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುವ ಜಾಗಕ್ಕೆ ಈಗ ಬರೋಣ. ವೆಬ್‌ಸೈಟಿನ ಕೊಂಡಿಯನ್ನು ಫೇಸ್‌ಬುಕ್‌ನಂಥ ಕಡೆ ಹಂಚಿದಾಗ ಕಾಣುವ ಚಿತ್ರಕ್ಕೆ 1200×630 ಎಂಬ ಅಳತೆ ರೂಢಿಯಲ್ಲಿದೆ. ನಮ್ಮ ಶಾಲೆಯ ಫೋಟೋವನ್ನು 1200 ಅಗಲಕ್ಕೆ ಇಳಿಸಿದರೆ ಎತ್ತರ 900 ಆಗುತ್ತದೆ. 630ಕ್ಕೆ ತರಲು 270 ಪಿಕ್ಸೆಲ್ ಕತ್ತರಿಸಬೇಕು. ಯಂತ್ರ ಮಧ್ಯವನ್ನು ಉಳಿಸಿಕೊಂಡು ಮೇಲೆ 135, ಕೆಳಗೆ 135 ತೆಗೆಯುತ್ತದೆ. ಮೇಲಿನ 135ರಲ್ಲಿ ಹಿಂದಿನ ಸಾಲಿನವರ ತಲೆ ಇರುತ್ತದೆ. ಚೌಕಾಕಾರದ ಸಣ್ಣ ಚಿತ್ರ ಮಾಡುವಾಗ ಇನ್ನೂ ಕೆಟ್ಟದ್ದು ಆಗುತ್ತದೆ. ಎಡ ಬಲದ ಅಂಚಿನಲ್ಲಿ ನಿಂತ ಇಬ್ಬರು ಹೊರಗೆ ಬೀಳುತ್ತಾರೆ, ಆದರೆ ‘ಎಡದಿಂದ ಬಲಕ್ಕೆ’ ಪಟ್ಟಿಯಲ್ಲಿ ಹತ್ತೂ ಹೆಸರು ಹಾಗೆಯೇ ಇರುತ್ತವೆ. ಈಗ ಮೊದಲನೆಯವರ ಹೆಸರು ಎರಡನೆಯವರಿಗೆ ಅಂಟಿತು, ಅಲ್ಲಿಂದ ಕೊನೆಯವರೆಗೆ ಪ್ರತಿಯೊಬ್ಬರಿಗೂ ಪಕ್ಕದವರ ಹೆಸರು. ಯಂತ್ರ ಎಲ್ಲೂ ತಪ್ಪು ಮಾಡಿಲ್ಲ, ಫೋಟೋದ ಅಳತೆ ಸರಿ, ಹೆಸರುಗಳ ಕಾಗುಣಿತ ಸರಿ, ಆದರೂ ಅಚ್ಚಾದದ್ದು ಪೂರ್ತಿ ಸುಳ್ಳು. ಮುಖಕ್ಕೂ ಹೆಸರಿಗೂ ಸಂಬಂಧ ತಪ್ಪುವುದು ಪತ್ರಿಕೆಗೆ ಸಣ್ಣ ವಿಷಯವಲ್ಲ. ಅಭಿನಂದನೆಯ ಚಿತ್ರದಲ್ಲಾದರೆ ಮುನಿಸಿಗೆ ಮುಗಿದೀತು, ಆರೋಪಿಯ ಚಿತ್ರದಲ್ಲಾದರೆ ಮಾನನಷ್ಟ ಮೊಕದ್ದಮೆಯವರೆಗೆ ಹೋಗುತ್ತದೆ.

ಇದಕ್ಕೆ ಉತ್ತರವಾಗಿ ಪ್ರಸ್ತಾವದಲ್ಲಿ ಎರಡು ನಿಯಮ ಬರೆಯಬಹುದು. ಹೆಸರುಗಳ ಪಟ್ಟಿ ಇರುವ ಫೋಟೋವನ್ನು ಯಂತ್ರ ತಾನಾಗಿ ಕತ್ತರಿಸುವುದಿಲ್ಲ, ಕುಗ್ಗಿಸುತ್ತದೆ ಮಾತ್ರ. ಆಕಾರ ಹೊಂದದಿದ್ದರೆ ಎರಡು ಬದಿಗೂ ಖಾಲಿ ಪಟ್ಟಿ ಬರಲಿ. ಎರಡನೆಯದು, ಮನುಷ್ಯರೇ ಅಡ್ಡಲಾಗಿ ಕತ್ತರಿಸಿದರೂ ಸರಿ, ಕ್ಯಾಪ್ಷನ್ ತಕ್ಷಣ ‘ಮತ್ತೆ ನೋಡಿ’ ಎಂಬ ಸ್ಥಿತಿಗೆ ಮರಳುತ್ತದೆ, ಉಪಸಂಪಾದಕರು ಓದಿ ಒಪ್ಪುವ ತನಕ ಪುಟಕ್ಕೆ ಹೋಗುವುದಿಲ್ಲ. ಪುಟದ ಅಂದಕ್ಕಾಗಿ ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುವುವ ಅಭ್ಯಾಸ ಕೆಲವರಿಗಿದೆ, ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಕೂಡ ಹಾಗೆಯೇ ಉಳಿಸುತ್ತದೆ. ಆಗಲೂ ಇದೇ ಅನಾಹುತ. ಹಿನ್ನೆಲೆಯ ಬ್ಯಾನರಿನ ಅಕ್ಷರಗಳು ಉಲ್ಟಾ ಇವೆಯೇ ಎಂದು ನೋಡಿದರೆ ಅದು ಥಟ್ಟನೆ ಗೊತ್ತಾಗುತ್ತದೆ.

ಒಪ್ಪಿಗೆಯಾದ ಕ್ಯಾಪ್ಷನ್ ಎಲ್ಲಿರಬೇಕು? ಪ್ರತ್ಯೇಕ ಕಡತದಲ್ಲಿ ಇಟ್ಟರೆ ವಾಟ್ಸ್‌ಆ್ಯಪ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ, ಫೋಟೋ ಒಂದು ಕಡೆ, ಮಾತು ಒಂದು ಕಡೆ. ಚಿತ್ರದ ಕಡತದೊಳಗೇ ಬರೆದಿಡುವ ಪದ್ಧತಿ ಸುದ್ದಿಲೋಕದಲ್ಲಿ ದಶಕಗಳಿಂದ ಇದೆ. ಐಪಿಟಿಸಿ ಎಂಬ ಅಂತರರಾಷ್ಟ್ರೀಯ ಸುದ್ದಿಸಂಸ್ಥೆಗಳ ಕೂಟ ಅದರ ಖಾನೆಗಳನ್ನು ಗೊತ್ತುಮಾಡಿದೆ. ಅದರಲ್ಲಿ ಹಳೆಯ ರೂಪ ಒಂದಿದೆ, ಎಕ್ಸ್‌ಎಂಪಿ ಎಂಬ ಹೊಸ ರೂಪ ಒಂದಿದೆ. ಕನ್ನಡದವರು ಹೊಸದನ್ನೇ ಆರಿಸಿಕೊಳ್ಳಬೇಕು. ಹಳೆಯದರಲ್ಲಿ ಛಾಯಾಗ್ರಾಹಕರ ಹೆಸರಿಗೆ 32 ಬೈಟ್ ಮಾತ್ರ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದು ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ವ್ಯಂಜನ, ಒಂದೊಂದು ಸ್ವರಚಿಹ್ನೆ ಮೂರು ಮೂರು ಬೈಟ್ ತಿನ್ನುತ್ತದೆ. ಹತ್ತು ಚಿಹ್ನೆಗೆ ಜಾಗ ಮುಗಿಯಿತು. ‘ವೆಂಕಟೇಶಮೂರ್ತಿ’ ಎಂಬವರು ‘ವೆಂಕಟೇಶಮೂರ’ ಆಗಿ ನಿಂತುಬಿಡುತ್ತಾರೆ. ಎಕ್ಸ್‌ಎಂಪಿಯಲ್ಲಿ ಈ ಕಟ್ಟು ಇಲ್ಲ.

ಬರೆಯುವುದರ ಜೊತೆಗೆ ಅಳಿಸುವುದೂ ಇದೆ. ಇದು ಓದುಗರ ಸುರಕ್ಷತೆಯ ಮಾತು, ಹಾಗಾಗಿ ತುಸು ನಿಲ್ಲುತ್ತೇನೆ. ಡಾಕ್ಯುಮೆಂಟ್ ಆಗಿ ಬಂದ ಮೂಲ ಫೋಟೋದಲ್ಲಿ ಅದನ್ನು ತೆಗೆದ ಜಾಗದ ಜಿಪಿಎಸ್ ಅಂಕಿ ಇರಬಹುದು. ಹಾಗೆಯೇ ವೆಬ್‌ಸೈಟಿಗೆ ಹಾಕಿದರೆ, ಯಾರದೋ ಮನೆಯಲ್ಲಿ ತೆಗೆದ ಚಿತ್ರದಿಂದ ಆ ಮನೆಯನ್ನೇ ನಕ್ಷೆಯಲ್ಲಿ ಹುಡುಕಬಹುದು. ಇನ್ನೊಂದು ಅಪಾಯ ಬಹಳ ಜನಕ್ಕೆ ತಿಳಿಯದು. ಕ್ಯಾಮೆರಾ ಪ್ರತಿ ಫೋಟೋದೊಳಗೆ ಅದರದೇ ಪುಟ್ಟ ಪ್ರತಿಯೊಂದನ್ನು ಬಚ್ಚಿಟ್ಟಿರುತ್ತದೆ, ಪಟ್ಟಿಯಲ್ಲಿ ಬೇಗ ತೋರಿಸಲೆಂದು. ಮುಖ ಮಸುಕು ಮಾಡಿ ಉಳಿಸಿದಾಗ ಕೆಲವು ತಂತ್ರಾಂಶಗಳು ದೊಡ್ಡ ಚಿತ್ರವನ್ನಷ್ಟೇ ಬದಲಿಸುತ್ತವೆ, ಒಳಗಿನ ಪುಟ್ಟ ಪ್ರತಿಯಲ್ಲಿ ಮುಖ ಹಾಗೆಯೇ ಉಳಿದಿರುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಿಟ್ಟುಕೊಡುವುದನ್ನು 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನಿಷೇಧಿಸುತ್ತದೆ. ಮಗುವಿನ ಹೆಸರು, ಫೋಟೋ ಮಾತ್ರವಲ್ಲ, ವಿಳಾಸ, ಶಾಲೆ, ನೆರೆಹೊರೆ ಕೂಡ ಅದರಲ್ಲಿ ಸೇರಿದೆ. ಹಾಗಾಗಿ ಹೊರಗೆ ಹೋಗುವ ಪ್ರತಿ ಚಿತ್ರದಿಂದಲೂ ಎಲ್ಲವನ್ನೂ ತೆಗೆದುಹಾಕಿ, ಬೇಕಾದದ್ದನ್ನಷ್ಟೇ ಮತ್ತೆ ಬರೆಯುವುದು ಸರಿಯಾದ ಕ್ರಮ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಲ್ಲಿ ಹೀಗೆ:

```
exiftool -all= --icc_profile:all \
  "-XMP-dc:Description<=caption.txt" \
  "-XMP-dc:Creator<=byline.txt" web.jpg
```

ಮೊದಲ ಸಾಲು ಬಣ್ಣದ ವಿವರವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಳಿಸುತ್ತದೆ. ಬಣ್ಣದ ವಿವರವೂ ಹೋದರೆ ಕೆಲವು ಫೋನುಗಳ ಚಿತ್ರಗಳು ಪೇಲವವಾಗಿ ಕಾಣುತ್ತವೆ. ಮುಂದಿನ ಎರಡು ಸಾಲು ಕ್ಯಾಪ್ಷನ್ ಮತ್ತು ಛಾಯಾಗ್ರಾಹಕರ ಹೆಸರನ್ನು ಕಡತದಿಂದ ಓದಿ ಚಿತ್ರದೊಳಗೆ ಬರೆಯುತ್ತವೆ. ಮೂಲ ಫೋಟೋವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅದು ಕಚೇರಿಯ ಸಾಮಾನ್ಯ ಫೋಲ್ಡರಿನಲ್ಲಿ, ತಾಲ್ಲೂಕು ಮತ್ತು ದಿನಾಂಕದ ಹೆಸರಿನಡಿ ಹಾಗೆಯೇ ಇರುತ್ತದೆ. ರಾತ್ರಿ ಹತ್ತೂವರೆಗೆ ಇಡೀ ವ್ಯವಸ್ಥೆ ಕೈಕೊಟ್ಟರೆ ಆ ಫೋಲ್ಡರ್ ತೆರೆದು ಹಳೆಯ ರೀತಿಯಲ್ಲೇ ಪುಟ ಮುಗಿಸಲು ಆಗಬೇಕು. ಪತ್ರಿಕೆಯ ವ್ಯಾನ್ ಯಾರಿಗಾಗಿಯೂ ಕಾಯುವುದಿಲ್ಲ.

ಎಲ್ಲೆಯ ಹೊರಗೆ ಏನಿದೆ ಎಂಬುದನ್ನೂ ಬರೆಯಬೇಕು. ಅಚ್ಚಿಗೆ ಬೇಕಾದ ನಾಲ್ಕು ಬಣ್ಣದ ಪರಿವರ್ತನೆ ಮುದ್ರಣಾಲಯದ ಯಂತ್ರ, ಕಾಗದ, ಶಾಯಿಯನ್ನು ಅವಲಂಬಿಸಿದ್ದು, ಅದು ಈಗಿರುವಂತೆ ಪುಟ ವಿಭಾಗದಲ್ಲೇ ಇರಲಿ. ಹಳೆಯ ಫೋಟೋ ಸಂಗ್ರಹಕ್ಕೆ ಕ್ಯಾಪ್ಷನ್ ಸೇರಿಸುವುದು ಬೇರೆಯೇ ಯೋಜನೆ. ಆದರೆ ಅಕ್ಷರಗಳ ಪರಿವರ್ತನೆಯನ್ನು ಹೊರಗಿಡುವಂತಿಲ್ಲ. ಯೂನಿಕೋಡ್‌ಗೂ ಹಿಂದಿನ ಫಾಂಟುಗಳಲ್ಲಿ ಪುಟ ಕಟ್ಟುವ ಕಚೇರಿಯಾದರೆ, ಫೋನಿನಲ್ಲಿ ಟೈಪ್ ಮಾಡಿದ ಕ್ಯಾಪ್ಷನ್ ಅಲ್ಲಿಗೆ ಅಂಟಿಸಿದ ಕೂಡಲೇ ಓದಲಾಗದ ಚಿಹ್ನೆಗಳಾಗುತ್ತದೆ. ಪರಿವರ್ತಕ ಬೇಕೇ ಬೇಕು, ಮತ್ತು ಅದನ್ನು ಸುಲಭದ ಪದಗಳಿಂದ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ‘ರ‍್ಯಾಲಿ’ ಎಂದು ಬರೆಯುವಾಗ ರ ಅಕ್ಷರದ ನಂತರ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ಇರುತ್ತದೆ. ಪರಿವರ್ತಕ ಅದನ್ನು ಬಿಟ್ಟುಬಿಟ್ಟರೆ ಅರ್ಕಾವೊತ್ತು ಬಂದು ‘ರ್ಯಾಲಿ’ ಆಗುತ್ತದೆ. ಚುನಾವಣೆಯ ತಿಂಗಳಲ್ಲಿ ಈ ಪದ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ಯೋಚಿಸಿ.

ಕೆಲಸ ಮುಗಿದಿದೆ ಎಂದು ಹೇಳುವವರು ಯಾರು? ‘ತೃಪ್ತಿಕರವಾಗಿ ಕೆಲಸ ಮಾಡಬೇಕು’ ಎಂದು ಬರೆದರೆ ಎರಡೂ ಕಡೆಯವರು ಆಮೇಲೆ ಜಗಳವಾಡುತ್ತಾರೆ. ಅದಕ್ಕಿಂತ ಪತ್ರಿಕೆಯದೇ ಹಳೆಯ ಫೋಟೋಗಳಿಂದ ಐವತ್ತನ್ನು ಆರಿಸಿ ಪ್ರಸ್ತಾವಕ್ಕೆ ಲಗತ್ತಿಸಲಿ. ಅವುಗಳಲ್ಲಿ ಮಲಗಿದ ಚಿತ್ರ, ಕನ್ನಡಿಯಂತೆ ತಿರುಗಿದ ಚಿತ್ರ, ಐಫೋನಿನ `.heic` ಕಡತ, ತೀರಾ ಸಣ್ಣದಾದ ಚಿತ್ರ, ಹತ್ತು ಹೆಸರಿನ ಗುಂಪು, ಮುಖ ಮಸುಕು ಮಾಡಿದ ಮಗುವಿನ ಚಿತ್ರ ಎಲ್ಲವೂ ಇರಲಿ. ಪ್ರತಿಯೊಂದಕ್ಕೂ ಏನು ಹೊರಬರಬೇಕು ಎಂದು ಮೊದಲೇ ಎದುರಿಗೆ ಬರೆದಿಟ್ಟುಕೊಂಡರೆ, ಕೊನೆಗೆ ಒಂದೊಂದನ್ನೇ ಟಿಕ್ ಮಾಡುತ್ತಾ ಹೋಗಬಹುದು. ಅದರ ನಂತರ ಎರಡು ವಾರ ಹಳೆಯ ಪದ್ಧತಿ ಮತ್ತು ಹೊಸದು ಜೊತೆಜೊತೆಗೇ ನಡೆಯಲಿ. ಹಣವನ್ನೂ ಹೀಗೆಯೇ ಹಂತಗಳಿಗೆ ಕಟ್ಟಬಹುದು, ಡೆಸ್ಕ್‌ನಲ್ಲಿ ಕೂತು ಕೆಲಸ ಗಮನಿಸಿ ಎಲ್ಲೆ ಗೊತ್ತುಮಾಡಿದಾಗ ಒಂದು ಪಾಲು, ಐವತ್ತು ಫೋಟೋ ಪಾಸಾದಾಗ ಒಂದು ಪಾಲು, ಜೊತೆನಡಿಗೆ ಮುಗಿದಾಗ ಉಳಿದದ್ದು.

ಇಬ್ಬರೂ ಮರೆಯುವ ಸಾಲು ಕೊನೆಯಲ್ಲಿದೆ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯದು. ಹೊರಗಿನಿಂದ ಬಂದು ಕೆಲಸ ಮಾಡಿಕೊಟ್ಟವರ ಪ್ರೋಗ್ರಾಂ ಹಣ ಕೊಟ್ಟ ಮಾತ್ರಕ್ಕೆ ಸಂಸ್ಥೆಗೆ ಸೇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದೆ ಬಿಟ್ಟರೆ ಅದು ಐದು ವರ್ಷ ಎಂದು ಎಣಿಕೆಯಾಗುತ್ತದೆ. ಆರನೇ ವರ್ಷ ಪತ್ರಿಕೆ ಈ ವ್ಯವಸ್ಥೆಯನ್ನು ಬೇರೆಯವರಿಂದ ತಿದ್ದಿಸಲು ಹೊರಟಾಗ ಈ ಪ್ರಶ್ನೆ ಏಳುತ್ತದೆ. ಹಾಗಾಗಿ ಹಕ್ಕನ್ನು ಎಷ್ಟು ಕಾಲಕ್ಕೆ ಕೊಡುತ್ತಿದ್ದೇನೆ, ಯಾವ ಭಾಗ ಉಚಿತ ತಂತ್ರಾಂಶದ್ದು, ಯಾವ ಭಾಗವನ್ನು ಪ್ರೋಗ್ರಾಮರ್ ಬೇರೆ ಗಿರಾಕಿಗಳಿಗೂ ಬಳಸಬಹುದು, ಪಾಸ್‌ವರ್ಡುಗಳು ಕಚೇರಿಯಲ್ಲಿ ಯಾರ ಬಳಿ ಇರುತ್ತವೆ, ಒಂದು ವರ್ಷದವರೆಗೆ ರಾತ್ರಿ ಎಷ್ಟು ಗಂಟೆಯ ತನಕ ಫೋನ್ ಎತ್ತುತ್ತೇನೆ ಎಂಬುದನ್ನೆಲ್ಲ ಸಹಿ ಹಾಕುವ ಜಾಗದ ಮೇಲೆಯೇ ಬರೆದಿರಬೇಕು.